ತಲೆಬುರುಡೆ ಅಳೆದು ಮಾಡಿದ ಮೂರು ಜನಾಂಗಗಳ ಲೆಕ್ಕ ಎಲ್ಲಿ ತಪ್ಪಿತು?

ಓದುಗರ ಪ್ರಶ್ನೆ: ಮನುಷ್ಯರಲ್ಲಿ ಕಾಕಸಾಯ್ಡ್, ಮಂಗೋಲಾಯ್ಡ್, ನೀಗ್ರಾಯ್ಡ್ ಎಂಬ ಮೂರು ಜನಾಂಗಗಳಿವೆ ಎಂದು ಹಳೆಯ ಪುಸ್ತಕಗಳಲ್ಲಿ ಓದಿದ್ದೆ. ತಲೆಬುರುಡೆಗಳನ್ನು ಅಳೆದೇ ಇದನ್ನು ಹೇಳಿದ್ದರಂತೆ. ಈಗ ವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಹಾಗಾದರೆ ಆ ಅಳತೆಗಳೆಲ್ಲ ಸುಳ್ಳೇ?

ಉತ್ತರ: ಅಳತೆಗಳು ಬಹುಮಟ್ಟಿಗೆ ಸುಳ್ಳಲ್ಲ. ಆದರೆ ಮೂರು ಗುಂಪುಗಳು ಆ ಅಳತೆಗಳಿಂದ ಹೊರಬಂದವೂ ಅಲ್ಲ. ಗುಂಪುಗಳನ್ನು ಮೊದಲು ಮಾಡಿಕೊಂಡು, ಬುರುಡೆಗಳನ್ನು ಆಮೇಲೆ ಅವುಗಳಲ್ಲಿ ಹಂಚಿದರು. ಜರ್ಮನಿಯ ಬ್ಲೂಮೆನ್‌ಬಾಖ್ 1795ರಲ್ಲಿ ಐದು ಗುಂಪುಗಳನ್ನು ಹೇಳಿದ್ದರು, ಜೊತೆಗೆ ಇವು ಒಂದರೊಳಗೊಂದು ಬೆರೆತುಹೋಗುತ್ತವೆ ಎಂದೂ ಬರೆದಿದ್ದರು. ಫ್ರಾನ್ಸಿನ ಕ್ಯುವಿಯೆ 1817ರಲ್ಲಿ ಮೂರೇ ಎಂದರು. ಹೀಗೆ ಸಂಖ್ಯೆ ಬದಲಾಗುತ್ತಲೇ ಇತ್ತು. ಮುಂದಿನವರು ಬ್ಲೂಮೆನ್‌ಬಾಖ್ ಕೊಟ್ಟ ಎಚ್ಚರಿಕೆಯನ್ನು ಬಿಟ್ಟು ಹೆಸರುಗಳನ್ನು ಮಾತ್ರ ಉಳಿಸಿಕೊಂಡರು.

ಅಳತೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಫಿಲಡೆಲ್ಫಿಯಾದ ವೈದ್ಯ ಸ್ಯಾಮ್ಯುಯೆಲ್ ಮಾರ್ಟನ್ ಕೆಲಸದಲ್ಲಿ ನೋಡಬಹುದು. ಬುರುಡೆಯ ಸಣ್ಣ ರಂಧ್ರಗಳನ್ನು ಮುಚ್ಚಿ, ಬೆನ್ನುಹುರಿ ಹಾದುಹೋಗುವ ಬುಡದ ದೊಡ್ಡ ರಂಧ್ರದಿಂದ ಒಣ ಕಾಳು ತುಂಬಬೇಕು. ಅಲುಗಾಡಿಸಿ, ಅದುಮಿ ತುಂಬಿದ ಮೇಲೆ ಕಾಳನ್ನು ಅಳತೆಯ ಕೊಳವೆಗೆ ಸುರಿದರೆ ಒಳಗಿನ ಗಾತ್ರ ಘನ ಅಂಗುಲಗಳಲ್ಲಿ ಸಿಗುತ್ತದೆ. ತೊಂದರೆ ಏನೆಂದರೆ ಕಾಳು ಹಗುರ, ಗಾತ್ರವೂ ಒಂದೇ ಸಮ ಇರುವುದಿಲ್ಲ. ಎಷ್ಟು ಅದುಮುತ್ತೇವೆ ಎಂಬುದರ ಮೇಲೆ ಒಂದೇ ಬುರುಡೆ ಎರಡು ಸಲಕ್ಕೆ ಎರಡು ಉತ್ತರ ಕೊಡುತ್ತದೆ. ಮಾರ್ಟನ್‌ಗೆ ಇದು ಗೊತ್ತಾಗಿ, ಆಮೇಲೆ ಸೀಸದ ಸಣ್ಣ ಗುಂಡುಗಳನ್ನು ಬಳಸಿ ಮತ್ತೆ ಅಳೆದರು. ಅವರ ಸಂಗ್ರಹದ ಸುಮಾರು ಮುನ್ನೂರು ಬುರುಡೆಗಳನ್ನು ಬೇರೆ ಸಂಶೋಧಕರು ಪುನಃ ಅಳೆದು 2011ರಲ್ಲಿ ಪ್ರಕಟಿಸಿದಾಗ, ಗುಂಡಿನ ಅಳತೆಗಳು ಹೆಚ್ಚುಕಡಿಮೆ ಸರಿಯಾಗಿಯೇ ಇದ್ದವು.

ಹಾಗಿದ್ದರೆ ಎಡವಿದ್ದು ಸರಾಸರಿ ತೆಗೆದಲ್ಲಿ. 1839ರ ಪುಸ್ತಕದಲ್ಲಿ ಮಾರ್ಟನ್ ಕೊಟ್ಟ ಪಟ್ಟಿಯಲ್ಲಿ 52 ಕಾಕೇಸಿಯನ್ ಬುರುಡೆಗಳ ಸರಾಸರಿ 87 ಘನ ಅಂಗುಲ, 10 ಮಂಗೋಲಿಯನ್ ಬುರುಡೆಗಳದ್ದು 83, 29 ಇಥಿಯೋಪಿಯನ್ ಬುರುಡೆಗಳದ್ದು 78. ಕಾಕೇಸಿಯನ್ ಎಂದರೆ ಹೆಚ್ಚಾಗಿ ಯುರೋಪಿನವರು, ಮಂಗೋಲಿಯನ್ ಎಂದರೆ ಹೆಚ್ಚಾಗಿ ಪೂರ್ವ ಏಷ್ಯಾದವರು. ಆಫ್ರಿಕಾದ ಕಪ್ಪು ವರ್ಣದವರಿಗೆಲ್ಲ ಆಗ ಇಥಿಯೋಪಿಯನ್ ಎಂಬುದೇ ಹೆಸರು. ಮಂಗೋಲಿಯನ್ ಎಂಬ ಅಷ್ಟು ದೊಡ್ಡ ಗುಂಪಿಗೆ ಹತ್ತೇ ಬುರುಡೆ ಎಂಬುದನ್ನು ಗಮನಿಸಿ.

ಪಟ್ಟಿಯ ಜೊತೆಗೆ ಒಂದು ವಿವರಣೆ ಇದೆ, ಭಾರತೀಯರಾದ ನಾವು ಅದನ್ನು ಓದಲೇಬೇಕು. ಮಾರ್ಟನ್ ಬಳಿ 17 ಹಿಂದೂ ಬುರುಡೆಗಳ ಅಳತೆ ಇತ್ತು, ಸರಾಸರಿ 75. ಅವರ ವರ್ಗೀಕರಣದಲ್ಲಿ ಭಾರತೀಯರೂ ಕಾಕೇಸಿಯನ್ ಗುಂಪಿನವರೇ. ಆದರೂ ಈ ಬುರುಡೆಗಳು ತೀರಾ ಚಿಕ್ಕವು ಎಂಬ ಕಾರಣ ಕೊಟ್ಟು ಮೂರನ್ನು ಮಾತ್ರ ಸೇರಿಸಿ, 14ನ್ನು ಹೊರಗಿಟ್ಟರು. ಅವನ್ನು ಸೇರಿಸಿ ಲೆಕ್ಕ ಮಾಡೋಣ. 52ನ್ನು 87ರಿಂದ ಗುಣಿಸಿದರೆ 4524, 14ನ್ನು 75ರಿಂದ ಗುಣಿಸಿದರೆ 1050. ಎರಡೂ ಕೂಡಿ 5574, ಅದನ್ನು 66ರಿಂದ ಭಾಗಿಸಿದರೆ 84.5ರ ಹತ್ತಿರ. ಕಾಕೇಸಿಯನ್ನರಿಗೂ ಮಂಗೋಲಿಯನ್ನರಿಗೂ ಇದ್ದ ನಾಲ್ಕು ಘನ ಅಂಗುಲದ ಅಂತರ ಒಂದೂವರೆಗೆ ಇಳಿಯಿತು. ಒಂದು ಬುರುಡೆಯನ್ನೂ ತಪ್ಪಾಗಿ ಅಳೆಯದೆ, ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ಒಂದೇ ತೀರ್ಮಾನದಿಂದ ಶ್ರೇಣಿಯನ್ನು ಹೀಗೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಅವನ್ನು ಬಿಟ್ಟದ್ದನ್ನು ಮಾರ್ಟನ್ ಮುಚ್ಚಿಡಲಿಲ್ಲ, ತಾವೇ ಅಚ್ಚು ಹಾಕಿಸಿದ್ದಾರೆ. ಇದು ತಪ್ಪೆಂದು ಅವರಿಗೆ ಅನಿಸಿಯೇ ಇರಲಿಲ್ಲ.

ಅದೇ ಪಟ್ಟಿಯಲ್ಲಿ ಅತಿ ಚಿಕ್ಕ, ಅತಿ ದೊಡ್ಡ ಅಳತೆಗಳೂ ಇವೆ. ಕಾಕೇಸಿಯನ್ ಬುರುಡೆಗಳು 75ರಿಂದ 109ರವರೆಗೆ, ಇಥಿಯೋಪಿಯನ್ ಬುರುಡೆಗಳು 65ರಿಂದ 94ರವರೆಗೆ. 80 ಘನ ಅಂಗುಲದ ಒಂದು ಬುರುಡೆಯನ್ನು ಕೈಗೆ ಕೊಟ್ಟರೆ ಅದು ಯಾವ ಗುಂಪಿನದೆಂದು ಈ ಅಳತೆಯಿಂದ ಹೇಳಲು ಸಾಧ್ಯವೇ ಇಲ್ಲ. ಹೈಡೆಲ್‌ಬರ್ಗ್‌ನ ಟೀಡೆಮಾನ್ 1836ರಲ್ಲೇ ಸಿರಿಧಾನ್ಯದ ಕಾಳು ತುಂಬಿ ಅಳೆದಿದ್ದರು. ಅವರು ನೋಡಿದ್ದು ಸರಾಸರಿಯನ್ನಲ್ಲ, ಚಿಕ್ಕದರಿಂದ ದೊಡ್ಡದರವರೆಗಿನ ಈ ಹರಹನ್ನು. ಆಫ್ರಿಕನ್ನರ ಮೆದುಳು ಯುರೋಪಿಯನ್ನರದಕ್ಕಿಂತ ಕಿರಿದಲ್ಲ ಎಂಬುದು ಅವರ ನಿಲುವಾಯಿತು. ಇನ್ನು ಗಂಡಸಿನ ಬುರುಡೆ ಹೆಂಗಸಿನದಕ್ಕಿಂತ, ದೊಡ್ಡ ಮೈಕಟ್ಟಿನವರದ್ದು ಸಣ್ಣ ಮೈಕಟ್ಟಿನವರದ್ದಕ್ಕಿಂತ ಸರಾಸರಿಯಲ್ಲಿ ದೊಡ್ಡದಿರುತ್ತದೆ. ಇದನ್ನು ಸರಿದೂಗಿಸದೆ ತೆಗೆದ ಸರಾಸರಿ ಗುಂಪಿನ ಗುಣವನ್ನು ಹೇಳುತ್ತಿದೆಯೋ, ಕೈಗೆ ಸಿಕ್ಕ ಬುರುಡೆಗಳಲ್ಲಿ ಗಂಡಸರದ್ದು ಎಷ್ಟಿದ್ದವು ಎಂಬುದನ್ನೋ ತಿಳಿಯದು.

ಗಾತ್ರ ಕೈಕೊಟ್ಟರೂ ಆಕಾರ ಬದಲಾಗುವುದಿಲ್ಲ ಎಂಬ ನಂಬಿಕೆ ಉಳಿದಿತ್ತು. ಸ್ವೀಡನ್ನಿನ ರೆಟ್ಸಿಯಸ್ 1840ರ ದಶಕದಲ್ಲಿ ತಂದ ತಲೆಯ ಸೂಚ್ಯಂಕ ಇದಕ್ಕೆ ಆಧಾರ. ಹುಬ್ಬುಗಳ ನಡುವಿನಿಂದ ಹಿಂದಲೆಯ ತೀರಾ ಉಬ್ಬಿದ ಜಾಗದವರೆಗೆ ಉದ್ದ, ಕಿವಿಗಳ ಮೇಲ್ಭಾಗದಲ್ಲಿ ಅತಿ ಹೆಚ್ಚಿನ ಅಗಲ. ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಬೇಕು. 180 ಮಿಲಿಮೀಟರ್ ಉದ್ದ, 144 ಅಗಲ ಇದ್ದರೆ ಸೂಚ್ಯಂಕ 80. ಬಳಕೆಯಲ್ಲಿದ್ದ ವಿಂಗಡಣೆಯಲ್ಲಿ 75ಕ್ಕಿಂತ ಕಡಿಮೆ ಇದ್ದರೆ ಉದ್ದತಲೆ, 80ಕ್ಕಿಂತ ಹೆಚ್ಚಿದ್ದರೆ ಅಗಲತಲೆ. ಇದನ್ನೇ ನಂಬಿ ಬ್ರಿಟಿಷ್ ಅಧಿಕಾರಿ ರಿಸ್ಲಿ ನಮ್ಮ ಕೊಡವರನ್ನು ಮರಾಠಿ ಬ್ರಾಹ್ಮಣರು, ಕುಣಬಿಗಳ ಜೊತೆ ಸೇರಿಸಿ ‘ಸಿಥಿಯನ್-ದ್ರಾವಿಡ’ ಎಂದು ಕರೆದರು. ತಲೆ ಅಗಲ ಎಂಬ ಕಾರಣಕ್ಕೆ ಮಧ್ಯ ಏಷ್ಯಾದಿಂದ ಬಂದ ಪೂರ್ವಜರನ್ನೇ ಊಹಿಸಿಕೊಂಡದ್ದು ಇದು.

ಈ ನಂಬಿಕೆಗೆ ದೊಡ್ಡ ಪೆಟ್ಟು ಕೊಟ್ಟವರು ಅಮೆರಿಕದ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್. ಅವರು ನ್ಯೂಯಾರ್ಕಿನ ವಲಸೆ ಕುಟುಂಬಗಳ ಸುಮಾರು 18,000 ಜನರನ್ನು ಅಳೆಸಿ 1911ರ ಹೊತ್ತಿಗೆ ಫಲಿತಾಂಶ ಪ್ರಕಟಿಸಿದರು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ತಲೆ, ಹುಟ್ಟೂರಲ್ಲೇ ಹುಟ್ಟಿ ಬಂದ ಮಕ್ಕಳ ತಲೆಗಿಂತ ಬೇರೆಯಾಗಿತ್ತು. ಪೂರ್ವ ಯುರೋಪಿನ ಯಹೂದಿಗಳ ಅಗಲತಲೆ ಸ್ವಲ್ಪ ಉದ್ದವಾಗಿತ್ತು, ಸಿಸಿಲಿಯವರ ಉದ್ದತಲೆ ಸ್ವಲ್ಪ ಅಗಲವಾಗಿತ್ತು. ಈ ಬದಲಾವಣೆ ಚಿಕ್ಕದು, ಅನುವಂಶೀಯತೆಯ ಪಾತ್ರವೇ ದೊಡ್ಡದು ಎಂಬ ವಾದ 2002ರಲ್ಲಿ ಬಂತು. ಮರುವರ್ಷ ಬೇರೆ ತಂಡ ಅದೇ ದತ್ತಾಂಶವನ್ನು ಪರಿಶೀಲಿಸಿ ಬೋವಾಸ್ ಮೂಲತಃ ಸರಿ ಎಂದಿತು. ಎಷ್ಟು ಬದಲಾಯಿತು ಎಂಬುದರಲ್ಲಿ ಜಗಳ ಇರಬಹುದು, ಆದರೆ ಬದಲಾಗದ ಗುರುತು ಎಂಬ ಮಾತು ನಿಲ್ಲಲಿಲ್ಲ.

ವಂಶವಾಹಿಗಳ ಕಾಲ ಬಂದ ಮೇಲೆ ಇನ್ನೊಂದು ಕಡೆಯಿಂದ ಅದೇ ಉತ್ತರ ಸಿಕ್ಕಿತು. 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ರಕ್ತದ ಗುಂಪು ಮುಂತಾದ 17 ವಂಶವಾಹಿ ಗುರುತುಗಳನ್ನು ಲೆಕ್ಕ ಹಾಕಿದಾಗ, ಮನುಷ್ಯರ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇ 85 ಒಂದೊಂದು ಸಮುದಾಯದ ಒಳಗೇ ಇತ್ತು. ಜನಾಂಗಗಳೆಂದು ಕರೆದ ಗುಂಪುಗಳ ನಡುವೆ ಇದ್ದದ್ದು ಶೇ 6ರಷ್ಟು. ಮುಂದೆ ಬುರುಡೆಯ ಅಳತೆಗಳಲ್ಲೂ ಹೆಚ್ಚಿನ ವ್ಯತ್ಯಾಸ ಗುಂಪುಗಳ ಒಳಗೇ ಕಂಡಿತು. ಉಳಿದದ್ದು ಭೂಗೋಳದ ಜೊತೆ ಮೆಲ್ಲಗೆ ಬದಲಾಗುತ್ತದೆ. ಚಳಿ ಪ್ರದೇಶದ ಕಡೆ ಹೋದಂತೆ ತಲೆಯ ಗಾತ್ರ ಸರಾಸರಿಯಲ್ಲಿ ಹೆಚ್ಚುತ್ತದೆ, ಆದರೆ ಇಲ್ಲಿಗೆ ಒಂದು ಜನಾಂಗ ಮುಗಿಯಿತು ಎನ್ನುವ ಗೆರೆ ಎಲ್ಲೂ ಸಿಗುವುದಿಲ್ಲ.

‘ಹಾಗಾದರೆ ವಿಧಿವಿಜ್ಞಾನದವರು ಬುರುಡೆ ನೋಡಿ ಮೂಲ ಹೇಗೆ ಹೇಳುತ್ತಾರೆ?’ ಎಂದು ಕೇಳಬಹುದು. ಒಂದು ಅಳತೆಯಿಂದ ಹೇಳುವುದಿಲ್ಲ. ಹತ್ತಾರು ಅಳತೆಗಳನ್ನು ಒಟ್ಟಿಗೆ ಇಟ್ಟುಕೊಂಡು, ಮೂಲ ಗೊತ್ತಿರುವ ಬುರುಡೆಗಳ ಸಂಗ್ರಹದೊಂದಿಗೆ ಹೋಲಿಸಿ ಹೆಚ್ಚು ಹತ್ತಿರದ ಗುಂಪನ್ನು ಹೇಳುತ್ತಾರೆ. ಸಣ್ಣ ಸಣ್ಣ ವ್ಯತ್ಯಾಸಗಳು ಒಟ್ಟು ಸೇರಿದಾಗ ಪ್ರದೇಶದ ಸುಳಿವು ಸಿಗುವುದು ನಿಜ. ಆದರೆ ಲೆಕ್ಕಾಚಾರ ಆರಿಸಿಕೊಳ್ಳುವುದು ಸಂಗ್ರಹದಲ್ಲಿರುವ ಗುಂಪುಗಳಿಂದ ಮಾತ್ರ. ದಕ್ಷಿಣ ಭಾರತದ ಬುರುಡೆಗಳೇ ಇಲ್ಲದ ಸಂಗ್ರಹಕ್ಕೆ ಮೈಸೂರಿನವರ ಬುರುಡೆಯ ಅಳತೆ ಕೊಟ್ಟರೂ ಅದು ಯಾವುದೋ ಒಂದು ಗುಂಪಿನ ಹೆಸರು ಹೇಳುತ್ತದೆ. ಅದಕ್ಕೇ ಅನುಭವಿ ತಜ್ಞರು ಬಂದ ಹೆಸರನ್ನಷ್ಟೇ ನೋಡದೆ, ಆ ಗುಂಪಿನ ಬುರುಡೆಗಳಿಂದಲೂ ಇದು ಎಷ್ಟು ದೂರದಲ್ಲಿದೆ ಎಂಬುದನ್ನು ನೋಡುತ್ತಾರೆ. ತೀರಾ ದೂರವಿದ್ದರೆ ಮೂಲ ತಿಳಿಯದು ಎಂದು ವರದಿ ಬರೆಯುತ್ತಾರೆ.