39w8 ಎಂಬ ನಾಲ್ಕಕ್ಷರದ ಹಿಂದೆ

ಕನ್ನಡ ವಿಕಿಪೀಡಿಯದ ‘ಬೆಂಗಳೂರು’ ಪುಟದ ವಿಳಾಸವನ್ನು ನಕಲು ಮಾಡಿ ಗೆಳೆಯರಿಗೆ ಕಳಿಸಿ ನೋಡಿ. ಊರಿನ ಹೆಸರಿನ ಜಾಗದಲ್ಲಿ `%E0%B2%AC` ಎಂದು ಶುರುವಾಗುವ ಉದ್ದನೆಯ ಬಾಲವೊಂದು ಬಂದಿರುತ್ತದೆ. ಒಂದೊಂದು ಕನ್ನಡ ಚಿಹ್ನೆಗೂ ಅಲ್ಲಿ ಒಂಬತ್ತು ಅಕ್ಷರ ಬೇಕು. ಅಕ್ಷರ, ಸ್ವರಚಿಹ್ನೆ, ಸೊನ್ನೆ ಎಲ್ಲ ಸೇರಿ ‘ಬೆಂಗಳೂರು’ ಪದದಲ್ಲಿರುವುದು ಎಂಟು ಚಿಹ್ನೆ, ಹಾಗಾಗಿ ಬಾಲ 72 ಅಕ್ಷರ ಉದ್ದ.

ಇಂಗ್ಲಿಷ್ ವಿಳಾಸಗಳಿಗೂ ಈ ಕಾಟ ಇತ್ತು. ಹಳೆಯ ಇಮೇಲ್‌ಗಳಲ್ಲಿ ಉದ್ದದ ಲಿಂಕ್ ಸಾಲಿನ ಕೊನೆಗೆ ಬಂದು ಎರಡು ತುಂಡಾಗುತ್ತಿತ್ತು. ಕ್ಲಿಕ್ ಮಾಡಿದರೆ ಮೊದಲ ತುಂಡಷ್ಟೇ ತೆರೆಯುತ್ತಿತ್ತು. ಅಮೆರಿಕದಲ್ಲಿ ಒಂಟಿಚಕ್ರದ ಸೈಕಲ್ ಸವಾರರಿಗಾಗಿ ಜಾಲತಾಣ ನಡೆಸುತ್ತಿದ್ದ ಕೆವಿನ್ ಗಿಲ್ಬರ್ಟ್‌ಸನ್ 2002ರಲ್ಲಿ ಉದ್ದದ ವಿಳಾಸಕ್ಕೆ ಬದಲಾಗಿ ಚಿಕ್ಕ ಲಿಂಕ್ ಕೊಡುವ ಟೈನಿಯುಆರ್‌ಎಲ್ ಸೇವೆ ತೆರೆದದ್ದು ಇಂಥ ವಿಳಾಸಗಳಿಂದ ಬೇಸತ್ತೇ. 2006ರಲ್ಲಿ ಟ್ವಿಟರ್ 140 ಅಕ್ಷರದ ಮಿತಿ ಹಾಕಿಕೊಂಡು ಬಂದಮೇಲಂತೂ ಒಂದೊಂದು ಅಕ್ಷರಕ್ಕೂ ಬೆಲೆ ಬಂತು.

ಇಂಥ ಸೇವೆಗಳಲ್ಲಿ ಉದ್ದದ ವಿಳಾಸವನ್ನು ಕುಗ್ಗಿಸುವ ಮಾಯೆ ಏನೂ ಇಲ್ಲ. ವಿಳಾಸ ಡೇಟಾಬೇಸ್‌ನಲ್ಲಿ ಇಡಿಯಾಗಿಯೇ ಕೂತಿರುತ್ತದೆ. ಅದಕ್ಕೊಂದು ಕ್ರಮಸಂಖ್ಯೆ ಇರುತ್ತದೆ. ಚಪ್ಪಲಿ ಸ್ಟ್ಯಾಂಡಿನ ಟೋಕನ್ ಇದ್ದಹಾಗೆ. ಆ ಸಂಖ್ಯೆಯನ್ನು ಕಡಿಮೆ ಜಾಗದಲ್ಲಿ ಬರೆಯುವುದಷ್ಟೇ ಕೆಲಸ. ದಶಮಾನ ಪದ್ಧತಿಯಲ್ಲಿ ನಮ್ಮ ಕೈಯಲ್ಲಿರುವುದು ಹತ್ತೇ ಅಂಕಿ. ಇಂಗ್ಲಿಷಿನ 26 ದೊಡ್ಡಕ್ಷರ, 26 ಸಣ್ಣಕ್ಷರಗಳನ್ನೂ ಅಂಕಿ ಎಂದೇ ಎಣಿಸಿದರೆ 62 ಆಗುತ್ತವೆ. ಇನ್ನೆರಡು ಚಿಹ್ನೆ ಸೇರಿಸಿ 64 ಮಾಡಬಹುದಿತ್ತು, ಆದರೆ ರೂಢಿಯ ಬೇಸ್-64ರ `+` ಮತ್ತು `/` ಗಳಿಗೆ ವೆಬ್ ವಿಳಾಸದಲ್ಲಿ ಬೇರೆಯದೇ ಅರ್ಥವಿದೆ. ಆರು ಸ್ಥಾನದಲ್ಲಿ ಹತ್ತು ಅಂಕಿಗಳಿಂದ ಹತ್ತು ಲಕ್ಷ ಲಿಂಕ್. 62 ಅಂಕಿಗಳಿಂದ 5,680 ಕೋಟಿ.

ಲೆಕ್ಕ ಶಾಲೆಯ ಭಾಗಾಕಾರವೇ. ಕ್ರಮಸಂಖ್ಯೆ 7,53,184 ಎನ್ನೋಣ. 62ರಿಂದ ಭಾಗಿಸಿದರೆ 12,148, ಶೇಷ 8. ಮತ್ತೆ ಭಾಗಿಸಿದರೆ 195, ಶೇಷ 58. ಮತ್ತೊಮ್ಮೆ: 3, ಶೇಷ 9. ಉಳಿದ 3ನ್ನು ಮುಂದಿಟ್ಟು ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ 3, 9, 58, 8. ಅಂಕಿ, ದೊಡ್ಡಕ್ಷರ, ಸಣ್ಣಕ್ಷರ ಎಂಬ ಕ್ರಮದಲ್ಲಿ ಸೊನ್ನೆಯಿಂದ ಎಣಿಸುತ್ತ ಹೋದರೆ 58ಕ್ಕೆ ಸಿಗುವುದು `w`. ಹೀಗೆ `39w8`. ವಾಪಸು ಬರಲು ಎಡದಿಂದ ಒಂದೊಂದೇ ಅಕ್ಷರ ತೆಗೆದುಕೊಂಡು, ಈವರೆಗಿನ ಮೊತ್ತವನ್ನು 62ರಿಂದ ಗುಣಿಸಿ ಹೊಸದನ್ನು ಕೂಡಿಸಬೇಕು.

```python
A = ("0123456789ABCDEFGHIJKLMNOPQRSTUVWXYZ"
     "abcdefghijklmnopqrstuvwxyz")

def enc(n):
    s = ""
    while True:
        n, r = divmod(n, 62)
        s = A[r] + s
        if n == 0:
            return s

def dec(s):
    n = 0
    for c in s:
        n = n * 62 + A.index(c)
    return n
```

ಎಡವುವುದು ಆ `A` ಸಾಲಿನಲ್ಲಿ. ಯಾವ ಅಕ್ಷರ ಮೊದಲು ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಸಣ್ಣಕ್ಷರ ಮುಂದಿಟ್ಟವರಿಗೆ ಅದೇ ಸಂಖ್ಯೆ `39W8` ಆಗುತ್ತದೆ. ಅದನ್ನು ಮೇಲಿನ ಕೋಡ್‌ಗೆ ಕೊಟ್ಟರೆ ಬರುವುದು 7,51,572. ದೋಷದ ಸಂದೇಶವೇನೂ ಇಲ್ಲ. ಲಿಂಕ್ ಸದ್ದಿಲ್ಲದೆ ಬೇರೆ ಯಾರದೋ ಪುಟಕ್ಕೆ ಹೋಗುತ್ತದೆ. ಹಳೆಯ ಸೇವೆಯನ್ನು ಹೊಸ ಭಾಷೆಯಲ್ಲಿ ಬರೆಯುವಾಗ ಹತ್ತಾರು ಹಳೆಯ ಲಿಂಕ್‌ಗಳನ್ನು ಬಿಡಿಸಿ ನೋಡಬೇಕಾದ್ದು ಇದಕ್ಕೇ. ಬರೀ ಅಂಕಿಗಳಿರುವ ಲಿಂಕ್ ಪರೀಕ್ಷಿಸಿದರೆ ಈ ತಪ್ಪು ಸಿಗುವುದೇ ಇಲ್ಲ.

ಇದರ ಸೋದರ ತಪ್ಪು ಡೇಟಾಬೇಸ್‌ನಲ್ಲಿದೆ. ಮೈಎಸ್‌ಕ್ಯೂಎಲ್ ತಾನಾಗಿ ಆರಿಸಿಕೊಳ್ಳುವ ಹೋಲಿಕೆ ನಿಯಮಕ್ಕೆ `39w8`, `39W8` ಎರಡೂ ಒಂದೇ. ನಾನಾದರೆ ಅಕ್ಷರರೂಪವನ್ನು ಉಳಿಸುವುದೇ ಇಲ್ಲ. ಸಂಖ್ಯೆಗೆ ಬದಲಿಸಿ ಅದರಿಂದಲೇ ಹುಡುಕುವುದು ಕ್ಷೇಮ. ಫೋನಿನಲ್ಲಿ ಓದಿ ಹೇಳುವವರ ಪಾಡು ಇನ್ನೂ ಕಷ್ಟ: `0` ಯಾವುದು, `O` ಯಾವುದು? ಫ್ಲಿಕರ್ ತನ್ನ ಚಿಕ್ಕ ಲಿಂಕ್‌ಗಳಲ್ಲಿ ಇಂಥ ಗೊಂದಲದ ನಾಲ್ಕು ಅಕ್ಷರ ಕೈಬಿಟ್ಟು 58ಕ್ಕೆ ಇಳಿದಿತ್ತು.

ಎಲ್ಲಕ್ಕಿಂತ ದುಬಾರಿಯಾದದ್ದು ಬೇರೆ ತಪ್ಪು: ಈ ಅಕ್ಷರರೂಪವನ್ನು ಗುಟ್ಟು ಎಂದುಕೊಂಡದ್ದು. `39w8`ರ ನಂತರ ಬರುವುದು `39w9` ಎಂದು ಯಾರಾದರೂ ಊಹಿಸಬಹುದು. ಕ್ರಮಸಂಖ್ಯೆ ಬಿಟ್ಟು ಯಾದೃಚ್ಛಿಕ ಸಂಖ್ಯೆ ಹಿಡಿದರೂ ಸ್ಥಾನಗಳು ಕಡಿಮೆಯಿದ್ದರೆ ಪ್ರಯೋಜನವಿಲ್ಲ. ಐದು ಸ್ಥಾನಕ್ಕೆ ಸುಮಾರು 91.6 ಕೋಟಿ ಸಾಧ್ಯತೆ. ಮನುಷ್ಯನಿಗೆ ಅದು ಸಮುದ್ರ, ಕೆಲವು ಕಂಪ್ಯೂಟರ್‌ಗಳಿಗೆ ಕೆರೆ. ಸಂಶೋಧಕರಾದ ಮಾರ್ಟಿನ್ ಜಾರ್ಜೀವ್ ಮತ್ತು ಕಾರ್ನೆಲ್ ಟೆಕ್‌ನ ವಿಟಾಲಿ ಶ್ಮಾಟಿಕೋವ್ ಆ ಕೆರೆಗೆ ಬಲೆ ಬೀಸಿದರು. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಊಹಿಸಿದ ಐದಕ್ಷರದ ಗೂಗಲ್ ಮ್ಯಾಪ್ಸ್ ಲಿಂಕ್‌ಗಳಲ್ಲಿ ಜನ ಯಾವ ಮನೆಯಿಂದ ಯಾವ ಆಸ್ಪತ್ರೆಗೆ ದಾರಿ ಕೇಳಿದ್ದರು ಎಂಬುದೂ ಸಿಕ್ಕಿತು. ಆರಕ್ಷರದ ಒನ್‌ಡ್ರೈವ್ ಲಿಂಕ್‌ಗಳಿಂದ ಖಾಸಗಿ ಕಡತಗಳು ಹೊರಬಂದವು. ಕೆಲವು ಫೋಲ್ಡರ್‌ಗಳಿಗೆ ಯಾರು ಬೇಕಾದರೂ ಕಡತ ತುರುಕಬಹುದಿತ್ತು.

ಅವರು ತಿಳಿಸಿದ ಮೇಲೆ, 2015ರಲ್ಲೇ, ಗೂಗಲ್ ತನ್ನ ಹೊಸ ಮ್ಯಾಪ್ಸ್ ಲಿಂಕ್‌ಗಳನ್ನು ಐದರಿಂದ 11, 12 ಅಕ್ಷರಗಳಿಗೆ ಉದ್ದ ಮಾಡಿತು.