ಮಲೇರಿಯಾ ಮಾತ್ರೆಗೂ ಫಾವಾ ಬೀನ್ಸ್‌ಗೂ ಏನು ನಂಟು?

ಪ್ರಶ್ನೆ: ನನ್ನ ಮಗನಿಗೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದೆ. ಪ್ರೈಮಾಕ್ವಿನ್ ಮಾತ್ರೆ ಬೇಡ, ಫಾವಾ ಬೀನ್ಸ್ ಕೂಡ ಬೇಡ ಅಂದರು ಡಾಕ್ಟರ್. ಒಂದು ಔಷಧಿ, ಇನ್ನೊಂದು ಕಾಳು. ಎರಡರಿಂದಲೂ ಕೆಂಪು ರಕ್ತಕಣ ಒಡೆಯೋದು ಹೇಗೆ?

ಉತ್ತರ: ಎರಡೂ ನೇರವಾಗಿ ಕಣ ಒಡೆಯುವುದಿಲ್ಲ. ಕಾಳಿನಲ್ಲಿರುವ ವೈಸಿನ್ ಎಂಬ ವಸ್ತು ಹೊಟ್ಟೆಗೆ ಹೋದಮೇಲೆ ಡಿವಿಸಿನ್ ಆಗುತ್ತದೆ. ಪ್ರೈಮಾಕ್ವಿನ್ ಕೂಡ ದೇಹದೊಳಗೆ ಬೇರೆ ರೂಪ ತಾಳುತ್ತದೆ. ಈ ಹೊಸ ರೂಪಗಳು ಕೆಂಪು ಕಣದೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಹೌದು, ಗಾಯಕ್ಕೆ ಹಾಕಿದರೆ ನೊರೆ ಬರುತ್ತದಲ್ಲ, ಅದೇ.

ಅದನ್ನು ತಣ್ಣಗಾಗಿಸುವುದು ಕಣದೊಳಗೇ ಇರುವ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು. ಆದರೆ ಒಮ್ಮೆ ಕೆಲಸ ಮಾಡಿದ ಗ್ಲುಟಾಥಯೋನ್ ಮತ್ತೆ ಸಜ್ಜಾಗಲು ಎನ್‌ಎಡಿಪಿಎಚ್ ಎಂಬ ಇನ್ನೊಂದು ವಸ್ತು ಬೇಕು. ಬೇರೆ ಜೀವಕೋಶಗಳಿಗೆ ಅದನ್ನು ತಯಾರಿಸಲು ಬೇರೆ ದಾರಿಗಳೂ ಇವೆ. ಕೆಂಪು ಕಣದಲ್ಲಿ ಮೈಟೊಕಾಂಡ್ರಿಯಾ ಇಲ್ಲ, ಹಾಗಾಗಿ ಜಿ6ಪಿಡಿ ಕಿಣ್ವವೇ ಗತಿ. ಅದು ಕಡಿಮೆಯಿದ್ದರೂ ಮಾಮೂಲಿ ದಿನಗಳು ಹೇಗೋ ಸಾಗುತ್ತವೆ. ಪೆರಾಕ್ಸೈಡ್ ಒಮ್ಮೆಲೇ ಜಾಸ್ತಿಯಾದರೆ ಗ್ಲುಟಾಥಯೋನ್ ಮುಗಿದುಹೋಗುತ್ತದೆ. ಆಗ ಹಿಮೋಗ್ಲೋಬಿನ್ ಕೆಟ್ಟು ಗಂಟುಗಟ್ಟಿ ಕಣದ ಒಳಗೋಡೆಗೆ ಅಂಟುತ್ತದೆ. ಗುಲ್ಮ ಆ ಗಂಟನ್ನು ಕಿತ್ತು ತೆಗೆಯುತ್ತದೆ. ಅದಕ್ಕೇ ಸೂಕ್ಷ್ಮದರ್ಶಕದಲ್ಲಿ ಕೆಲವು ಕಣಗಳು ಯಾರೋ ಕಚ್ಚಿ ಬಿಟ್ಟ ಬಿಸ್ಕತ್ತಿನ ಹಾಗೆ ಕಾಣುತ್ತವೆ. ಉಳಿದ ಕಣಗಳಲ್ಲಿ ಹಲವು ಒಡೆದೇ ಹೋಗುತ್ತವೆ.

ಇದೆಲ್ಲ ಆಗಲು ಸಮಯ ಬೇಕು. ಭಾನುವಾರ ಕಾಳು ತಿಂದ ಹುಡುಗ ಸೋಮವಾರ ಆಡಿಕೊಂಡೇ ಇರಬಹುದು. ಮಂಗಳವಾರ ಸುಸ್ತು, ಹಳದಿ ಕಣ್ಣು, ಕೋಲಾ ಬಣ್ಣದ ಮೂತ್ರ. ನಡುವೆ ಎರಡು ದಿನ ಕಳೆದಿರುವುದರಿಂದ ಕಾಳಿನ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ. ಮೂತ್ರದ ಬಣ್ಣ ಹೀಗಾದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ತಿಂದದ್ದು, ನುಂಗಿದ್ದು ಎಲ್ಲ ಹೇಳಿ.

ಒಂದು ವಿಚಿತ್ರ ಇದೆ. ಕೆಂಪು ಕಣ ಹೊಸ ಕಿಣ್ವ ತಯಾರಿಸಲಾರದು. ಹುಟ್ಟುವಾಗ ತಂದದ್ದೇ ಸುಮಾರು 120 ದಿನ ನಡೆಯಬೇಕು. ಕೊರತೆಯಿರುವವರಲ್ಲಿ ಅದು ಬೇಗ ಸವೆಯುವುದರಿಂದ ಮೊದಲು ಒಡೆಯುವುದು ಹಳೆಯ ಕಣಗಳು. ಆಫ್ರಿಕಾ ಮೂಲದ ಸೌಮ್ಯ ಬಗೆಯಲ್ಲಿ ಅವು ಮುಗಿದಮೇಲೆ ಒಡೆಯುವಿಕೆ ತಾನೇ ತಗ್ಗುತ್ತದೆ. ಮೆಡಿಟರೇನಿಯನ್ ಬಗೆಯಲ್ಲಿ ಹೊಸ ಕಣಗಳಲ್ಲೂ ಕಿಣ್ವ ತೀರಾ ಕಡಿಮೆ, ಹಾಗಾಗಿ ಅಪಾಯ ಹೆಚ್ಚು.

ಇದೇ ಕಾರಣಕ್ಕೆ ಜಿ6ಪಿಡಿ ಪರೀಕ್ಷೆಯೂ ಮೋಸ ಮಾಡಬಹುದು. ಕಣಗಳು ಒಡೆದ ಕೂಡಲೇ ರಕ್ತ ಕೊಟ್ಟರೆ ಅದರಲ್ಲಿ ಉಳಿದಿರುವುದು ಹೆಚ್ಚಾಗಿ ಎಳೆಯ, ಕಿಣ್ವ ಜಾಸ್ತಿಯಿರುವ ಕಣಗಳು. ವರದಿ ‘ನಾರ್ಮಲ್’ ಅಂತ ಬರಬಹುದು. ಅನುಮಾನ ಉಳಿದಿದ್ದರೆ ಸುಮಾರು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು.