ಮಹಡಿ ಹತ್ತದ ವೈಫೈ

ಮೈಸೂರಿನಲ್ಲಿರುವ ಅಕ್ಕನ ಮನೆ ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ್ದು. ನೆಲಮಹಡಿ, ಅದರ ಮೇಲೆ ಇನ್ನೆರಡು. ಫೈಬರ್ ಬಂದು ಇಳಿಯುವುದು ಕೆಳಗಿನ ಹಾಲಿನ ಟಿವಿ ಹಿಂದೆ, ರೂಟರ್ ಕೂತಿರುವುದೂ ಅಲ್ಲೇ. ಆನ್‌ಲೈನ್ ಕ್ಲಾಸು ಕೇಳುವ ಹುಡುಗನ ಕೋಣೆ ಎರಡನೇ ಮಹಡಿಯಲ್ಲಿ. ತಿಂಗಳಿಗೆ ದುಡ್ಡು ಕಟ್ಟುವುದು 200 ಎಂಬಿಪಿಎಸ್‌ಗೆ. ಹಾಲಿನಲ್ಲಿ ಅಳೆದಾಗ 190 ಬಂತು, ಮೊದಲ ಮಹಡಿಯಲ್ಲಿ 70, ಹುಡುಗನ ಮೇಜಿನ ಹತ್ತಿರ 6.

ಗೋಡೆಗಿಂತ ತಾರಸಿ ವೈಫೈಯನ್ನು ಹೆಚ್ಚು ತಡೆಯುತ್ತದೆ. ನಮ್ಮ ಮನೆಗಳ ಮೋಲ್ಡು ಐದಾರು ಇಂಚು ದಪ್ಪದ ಕಾಂಕ್ರೀಟು, ಅದರೊಳಗೆ ಅರ್ಧ ಅಡಿಗೊಂದರಂತೆ ಅಡ್ಡ-ಉದ್ದ ಕಟ್ಟಿದ ಕಬ್ಬಿಣದ ಸರಳುಗಳ ಬಲೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಸುಮಾರು 6. ಬಲೆಯ ಕಣ್ಣುಗಳಲ್ಲಿ ಅಲೆ ತೂರಿಕೊಂಡು ಹೋಗುತ್ತದೆ, ಆದರೆ ಒಂದು ಪಾಲನ್ನು ಕಬ್ಬಿಣ ಹಿಂದಕ್ಕೆ ಎಸೆದರೆ ಇನ್ನೊಂದು ಪಾಲನ್ನು ಕಾಂಕ್ರೀಟು ಹೀರಿಕೊಳ್ಳುತ್ತದೆ. ಹೆಚ್ಚು ವೇಗ ಕೊಡುವ 5 ಗಿಗಾಹರ್ಟ್ಸ್ ಅಲೆಗೇ ಪೆಟ್ಟು ಜಾಸ್ತಿ. ಸಾಲದ್ದಕ್ಕೆ, ನೆಟ್ಟಗೆ ನಿಲ್ಲಿಸಿದ ಆಂಟೆನಾ ಸುತ್ತಲೂ ಚೆನ್ನಾಗಿ ಬೀರುತ್ತದೆ, ನೆತ್ತಿಯ ಮೇಲಕ್ಕೆ ಬೀರುವುದು ತೀರಾ ಕಡಿಮೆ. ಇಂಥ ಮನೆಯಲ್ಲಿ ಮೇಲೆ ಸಿಗುವ ಸಿಗ್ನಲ್ಲಿನ ಹೆಚ್ಚಿನ ಪಾಲು ಮೆಟ್ಟಿಲಿನ ಬಾವಿಯಿಂದ ಹತ್ತಿ ಬಂದದ್ದೇ.

ಅಂಗಡಿಯವನ ಮಾತು ಕೇಳಿ ಭಾವ ರೂಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಒಂದು ಎಕ್ಸ್‌ಟೆಂಡರ್ ತಂದು ಹುಡುಗನ ಕೋಣೆಯ ಪ್ಲಗ್ಗಿಗೇ ಚುಚ್ಚಿದ್ದರು. "ಗೆರೆ ಎಲ್ಲಾ ತುಂಬಿ ಬರ್ತಿದೆ ಕಣಯ್ಯಾ, ಸ್ಪೀಡ್ ಮಾತ್ರ ಇಲ್ಲ" ಅನ್ನುವುದು ಅವರ ದೂರು. ಫೋನಿನಲ್ಲಿ ಕಾಣುವ ಗೆರೆಗಳು ಫೋನಿಗೂ ಎಕ್ಸ್‌ಟೆಂಡರಿಗೂ ನಡುವಿನ ಸಂಬಂಧವನ್ನಷ್ಟೇ ಹೇಳುತ್ತವೆ. ಎಕ್ಸ್‌ಟೆಂಡರಿಗೆ ಕೆಳಗಿನ ರೂಟರ್ ಎಷ್ಟು ಕೇಳಿಸುತ್ತಿದೆ ಅನ್ನುವುದು ಅಲ್ಲಿ ಕಾಣುವುದೇ ಇಲ್ಲ. ಸಿಗ್ನಲ್ ಸತ್ತಿರುವ ಜಾಗದಲ್ಲಿಟ್ಟರೆ ಅದು ಸತ್ತದ್ದನ್ನೇ ಜೋರಾಗಿ ಹೇಳುತ್ತದೆ, ಅಷ್ಟೇ.

ಅದನ್ನು ಕಿತ್ತು ಮೊದಲ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಹಾಕಿದೆವು. ಹುಡುಗನ ಕೋಣೆಯಲ್ಲಿ 6 ಇದ್ದದ್ದು 31ಕ್ಕೆ ಏರಿತು. ಭಾವನಿಗೆ ಖುಷಿಯಾಯಿತು, ಜೊತೆಗೆ ಅನುಮಾನವೂ ಬಂತು. ತಿರುವಿನವರೆಗೆ 70 ಬರುತ್ತಿರುವಾಗ ಮೇಲೆ ಏಕೆ ಅರ್ಧಕ್ಕೂ ಕಡಿಮೆ?

ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು ಅನ್ನುವುದು ವೈಫೈಯ ಕಟ್ಟಳೆ. ಎಕ್ಸ್‌ಟೆಂಡರ್ ಕೆಳಗಿನಿಂದ ಕೇಳಿಸಿಕೊಳ್ಳುವಾಗ ಮೇಲಕ್ಕೆ ಹೇಳಲಾರದು, ಮೇಲಕ್ಕೆ ಹೇಳುವಾಗ ಕೆಳಗಿನದನ್ನು ಕೇಳಲಾರದು. ಹೀಗಾಗಿ ಒಂದೇ ಮಾಹಿತಿ ಗಾಳಿಯನ್ನು ಎರಡು ಸಲ ಬಳಸುತ್ತದೆ. 70 ಮೆಗಾಬಿಟ್ ತಿರುವಿನವರೆಗೆ ಬರಲು ಒಂದು ಸೆಕೆಂಡ್, ಅಲ್ಲಿಂದ ಕೋಣೆಗೆ ಹೋಗಲು ಇನ್ನೊಂದು ಸೆಕೆಂಡ್. ಎರಡು ಸೆಕೆಂಡಿಗೆ 70 ಅಂದರೆ ಸೆಕೆಂಡಿಗೆ 35. ಮಧ್ಯದ ಕಾಯುವಿಕೆಗೆ ಸ್ವಲ್ಪ ಕಳೆದರೆ ನಾವು ಕಂಡ 31. ಇದೇ ಹಾದಿಯಲ್ಲಿ ಇನ್ನೊಂದು ಎಕ್ಸ್‌ಟೆಂಡರ್ ಸೇರಿಸಿದರೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಒಂದು ಬ್ಯಾಂಡಿನಲ್ಲಿ ಕೇಳಿ ಇನ್ನೊಂದರಲ್ಲಿ ಹೇಳುವ ಎಕ್ಸ್‌ಟೆಂಡರುಗಳೂ ಇವೆ. ಅವು ಅರ್ಧವಾಗುವುದನ್ನು ತಪ್ಪಿಸುತ್ತವೆ, ಆದರೆ ಒಂದು ಕಾಲನ್ನು 2.4ರ ಸಂತೆಯಲ್ಲಿ ಊರಬೇಕಾಗುತ್ತದೆ. ಅಲ್ಲಿ ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ತುಂಬಿಕೊಂಡಿರುತ್ತದೆ.

ಆಮೇಲೆ ಬಂದದ್ದು ಮೂರು ಡಬ್ಬಿಗಳ ಮೆಶ್ ಸೆಟ್ಟು, ಮಹಡಿಗೊಂದು. ಎಕ್ಸ್‌ಟೆಂಡರಿಗಿಂತ ಇದು ನಿಜವಾಗಿ ಮೇಲು. ಮನೆಗೆಲ್ಲ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಮೆಟ್ಟಿಲು ಹತ್ತುತ್ತಾ ಮಾತಾಡಿದರೂ ಕರೆ ಕಡಿಯದಂತೆ ಡಬ್ಬಿಗಳು ಫೋನಿಗೆ ದಾರಿ ಸೂಚಿಸುತ್ತವೆ. (ಸೂಚಿಸುತ್ತವೆ ಅಷ್ಟೇ. ಯಾವಾಗ ಬದಲಾಗಬೇಕೆಂದು ಕೊನೆಗೆ ತೀರ್ಮಾನಿಸುವುದು ಫೋನು, ಕೆಲವು ಫೋನುಗಳು ಮಹಾ ಜಿಗಣೆ.) ರೇಡಿಯೊ, ಆಂಟೆನಾ ಉತ್ತಮವಾಗಿದ್ದರಿಂದ ಹುಡುಗನಿಗೆ 52 ಸಿಕ್ಕಿತು. ಸಂಜೆ ಕೆಳಗೆ ಟಿವಿಯಲ್ಲಿ ಸಿನಿಮಾ ಶುರುವಾದರೆ ಮಾತ್ರ 30ಕ್ಕೆ ಬೀಳುತ್ತಿತ್ತು. ಡಬ್ಬಿಯಿಂದ ಡಬ್ಬಿಗೆ ಮಾಹಿತಿ ಸಾಗಿಸುವ ಬೆನ್ನ ಹಾದಿ, ಅಂದರೆ ಬ್ಯಾಕ್‌ಹಾಲ್, ಇನ್ನೂ ಗಾಳಿಯಲ್ಲೇ ಇತ್ತು. ಅದೇ ಚಾನೆಲ್‌ನಲ್ಲಿ ಟಿವಿಯೂ ಪಾಲು ಕೇಳುತ್ತಿತ್ತು. ಬ್ಯಾಕ್‌ಹಾಲ್‌ಗೇ ಮೀಸಲಾದ ಮೂರನೇ ರೇಡಿಯೊ ಇರುವ ದುಬಾರಿ ಸೆಟ್ಟು ಈ ಜಗಳ ಬಿಡಿಸುತ್ತದೆ. ಮೋಲ್ಡನ್ನು ಮಾತ್ರ ಅದೂ ದಾಟಲೇಬೇಕು. ಎರಡೇ ಅಂತಸ್ತಿನ, ಮೆಟ್ಟಿಲು ತೆರೆದಿರುವ, 50 ಎಂಬಿಪಿಎಸ್ ಸಾಕೆನ್ನುವ ಮನೆಗಾದರೆ ಇಲ್ಲಿಗೇ ನಿಲ್ಲಬಹುದು ಅನ್ನುತ್ತೇನೆ.

ಅಕ್ಕನ ಮನೆಯಲ್ಲಿ ತಂತಿಗೆ ದಾರಿ ಸಿಕ್ಕಿದ್ದು ತಾರಸಿಯ ಡಿಶ್ಶಿನಿಂದ. ಅದರ ವೈರು ಇಳಿದು ಬರಲು ಗೋಡೆಯೊಳಗೆ ಒಂದು ಪೈಪು ಇತ್ತು, ಎಲ್ಲ ಮಹಡಿಯಲ್ಲೂ ಅದಕ್ಕೊಂದು ಬಾಕ್ಸು. ಡಿಶ್ಶು ಕೆಲಸ ಬಿಟ್ಟು ವರ್ಷಗಳಾಗಿದ್ದವು. ಹಳೇ ವೈರಿನ ತುದಿಗೆ ಹೊಸ ಕ್ಯಾಟ್-6 ಕೇಬಲ್ಲನ್ನು ಟೇಪು ಸುತ್ತಿ ಕಟ್ಟಿ, ಇನ್ನೊಂದು ತುದಿಯಿಂದ ಮೆಲ್ಲಗೆ ಎಳೆದೆವು. ಹೀಗೆ ಮಹಡಿಗೊಂದು ಕೇಬಲ್ ಕೆಳಗಿನ ಮುಖ್ಯ ಡಬ್ಬಿಗೆ ಬಂತು. ಕರೆಂಟಿನ ವೈರು ಓಡಿರುವ ಪೈಪಾಗಿದ್ದರೆ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಆಘಾತದ ಅಪಾಯ ಒಂದು, ಕರೆಂಟಿನ ಗದ್ದಲ ಕೇಬಲ್ಲಿನ ಸಿಗ್ನಲ್ಲಿಗೆ ತಾಗುವುದು ಇನ್ನೊಂದು.

ಜೋಡಿಸಿ ಅಳೆದರೆ 94. ಮತ್ತೆ ಅಳೆದರೂ 94, ಬೆಳಗ್ಗೆಯೂ 94, ರಾತ್ರಿಯೂ 94. ಗಾಳಿಯಲ್ಲಿ ಹೋಗುವ ವೇಗ ಸದಾ ಏರಿಳಿಯುತ್ತದೆ, ಹೀಗೆ ಮೊಳೆ ಹೊಡೆದಂತೆ ನಿಲ್ಲುವುದಿಲ್ಲ. ನೂರಕ್ಕೆ ತುಸು ಕೆಳಗೆ ನಿಂತಿದ್ದರೆ ಕೇಬಲ್ಲನ್ನು ಅನುಮಾನಿಸಬೇಕು. ಗಿಗಾಬಿಟ್ ವೇಗಕ್ಕೆ ಕೇಬಲ್ಲಿನ ಎಂಟೂ ಎಳೆಗಳು ಬೇಕು. ನೀಲಿ, ಕಂದು ಜೋಡಿಗಳಲ್ಲಿ ಒಂದೆಳೆ ಸರಿಯಾಗಿ ಕೂರದಿದ್ದರೂ ಎರಡೂ ತುದಿಯ ಯಂತ್ರಗಳು ಸಾಮಾನ್ಯವಾಗಿ ತಾವಾಗಿಯೇ 100ಕ್ಕೆ ಇಳಿಯುತ್ತವೆ, ಏಕೆಂದರೆ ಅದಕ್ಕೆ ಉಳಿದ ನಾಲ್ಕೇ ಎಳೆ ಸಾಕು. ಮೇಲಿನ ತುದಿಯ ಕನೆಕ್ಟರ್ ಕತ್ತರಿಸಿ ನೋಡಿದರೆ ಕಂದು ಎಳೆ ಕೊನೆಯವರೆಗೆ ಹೋಗಿಯೇ ಇರಲಿಲ್ಲ. ಕ್ರಿಂಪ್ ಮಾಡಿದ್ದು ನಾನೇ. ಹೊಸದು ಹಾಕಿದ ಮೇಲೆ 190. ಕೇಬಲ್ ಕೊಳ್ಳುವಾಗ ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡುವುದೂ ಒಳ್ಳೆಯದು. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ, ಬಾಗಿಸಿದಲ್ಲಿ ಬೇಗ ಮುರಿಯುತ್ತದೆ.

ಈಗ ಮಾಹಿತಿ ಗಾಳಿಯಲ್ಲಿ ಹೋಗುವುದು ಹುಡುಗನ ಕೋಣೆಯೊಳಗಿನ ಆರು ಹೆಜ್ಜೆ ಮಾತ್ರ. ಉಳಿದದ್ದೆಲ್ಲ ತಂತಿಯಲ್ಲಿ, ಅಲ್ಲಿ ಒಂದೇ ಹೊತ್ತಿಗೆ ಹೋಗಬಹುದು, ಬರಲೂಬಹುದು. ವೇಗಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಪಿಂಗ್. ಅವನ ಲ್ಯಾಪ್‌ಟಾಪಿನಲ್ಲಿ ಹೀಗೆ ಕೊಟ್ಟು ನೋಡಿದೆವು:

```
ping 192.168.1.1
```

ಇದು ಮನೆಯ ರೂಟರಿಗೇ ಹೋಗಿ ಬರುವ ಹೊತ್ತು, ಹೊರಗಿನ ಇಂಟರ್ನೆಟ್ಟಿಗೆ ಸಂಬಂಧವಿಲ್ಲ. (ವಿಳಾಸ ಕೆಲವು ರೂಟರುಗಳಲ್ಲಿ ಬೇರೆ ಇರುತ್ತದೆ.) ಎಕ್ಸ್‌ಟೆಂಡರ್ ಇದ್ದಾಗ 5 ಮಿಲಿಸೆಕೆಂಡಿನಿಂದ 180ರವರೆಗೆ ಕುಣಿಯುತ್ತಿತ್ತು, ಈಗ 2-4ರಲ್ಲೇ ಇದೆ. ಕ್ಲಾಸಿನಲ್ಲಿ ಮೇಷ್ಟ್ರ ಮಾತು ತುಂಡಾಗುತ್ತಿದ್ದದ್ದು ಈ ಕುಣಿತದಿಂದಲೇ.

ಮೋಲ್ಡೂ ಈಗ ಪಕ್ಷ ಬದಲಿಸಿದೆ. ಬೆನ್ನ ಹಾದಿ ಗಾಳಿಯಲ್ಲಿದ್ದಾಗ ಮೂರೂ ಡಬ್ಬಿ ಒಂದೇ ಚಾನೆಲ್ ಹಂಚಿಕೊಳ್ಳಬೇಕಿತ್ತು. ತಂತಿ ಬಂದ ಮೇಲೆ, ಡಬ್ಬಿಗಳು ಅವಕಾಶ ಕೊಟ್ಟರೆ, ಕೆಳಗೆ 36ನೇ ಚಾನೆಲ್, ಮಧ್ಯೆ 149 ಎಂದು ಬೇರೆ ಬೇರೆ ಇಡಬಹುದು, ಎರಡನೇ ಮಹಡಿಗೆ ಮತ್ತೆ 36. ಎರಡು ಮೋಲ್ಡು ದಾಟಿ ಕೆಳಗಿನ 36ರ ಗದ್ದಲ ಮೇಲಕ್ಕೆ ಬರುವುದು ಅತ್ಯಲ್ಪ.

ಭಾವ ಕೊನೆಗೆ ಕೇಳಿದ್ದು: "ಹಾಗಾದ್ರೆ ಮೆಶ್ಶೇ ಬೇಕಿತ್ತೇನು?" ನಿಜ ಹೇಳಬೇಕೆಂದರೆ, ಕೇಬಲ್ ಮೊದಲೇ ಇದ್ದಿದ್ದರೆ ಅಟ್ಟದ ಮೇಲಿನ ಹಳೇ ರೂಟರೇ ಸಾಕಾಗುತ್ತಿತ್ತು. ಅದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಬೇರೆ ಐಪಿ ವಿಳಾಸ ಕೊಟ್ಟು, ವೈಫೈಗೆ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟು, ಕೇಬಲ್ಲನ್ನು ಲ್ಯಾನ್ ಪೋರ್ಟಿಗೆ ಚುಚ್ಚಿದರೆ ಆಯಿತು. ಇದನ್ನು ಕೇಳಿದ ಭಾವ ಎಕ್ಸ್‌ಟೆಂಡರನ್ನು ಅದರ ಡಬ್ಬಕ್ಕೆ ವಾಪಸ್ ತುಂಬಿ ಬಿಲ್ಲು ಹುಡುಕತೊಡಗಿದರು.